ಟಿಕ್ ಟಿಕ್ ಕೇಳಿಸದ ವಾಚು: ಮೂರು ಗಂಟೆಯ ಪರೀಕ್ಷೆಗೆ ಮುಳ್ಳಿನ ಕೈಗಡಿಯಾರ ಆರಿಸುವ ಕ್ರಮ

ಯುಪಿಎಸ್‌ಸಿ ನಾಗರಿಕ ಸೇವೆಗಳ ಮುಖ್ಯ ಪರೀಕ್ಷೆಗೆ ವಾಚು ಕೊಳ್ಳುವ ಅಭ್ಯರ್ಥಿಗಳು ಸಾಮಾನ್ಯವಾಗಿ ಎರಡು ರೀತಿಯಲ್ಲಿ ಎಡವುತ್ತಾರೆ. ಕೆಲವರು ಅಂಗಡಿಯ ಗದ್ದಲದಲ್ಲಿ ನೋಡಿ ಒಪ್ಪಿದ ವಾಚನ್ನು ಪರೀಕ್ಷಾ ಕೊಠಡಿಯಲ್ಲಿ ಬಿಚ್ಚಿ ಮೇಜಿನ ಮೇಲಿಟ್ಟ ಮೇಲಷ್ಟೇ ಅದರ ಸದ್ದನ್ನು ಮೊದಲ ಬಾರಿಗೆ ಕೇಳುತ್ತಾರೆ. ಇನ್ನು ಕೆಲವರು ಸದ್ದಿಲ್ಲದ ವಾಚೇ ಬೇಕೆಂದು ಹುಡುಕಿ, ಡಯಲ್ ಮೇಲೆ ನಾಲ್ಕು ಗೀಟುಗಳನ್ನು ಬಿಟ್ಟರೆ ಬೇರೇನೂ ಇಲ್ಲದ ತೆಳುವಾದ ವಾಚನ್ನು ತರುತ್ತಾರೆ. ಅದರಲ್ಲಿ ಈಗ ಒಂಬತ್ತು ಹದಿಮೂರೋ ಒಂಬತ್ತು ಹದಿನೇಳೋ ಎಂಬುದು ಒಂದು ನೋಟಕ್ಕೆ ತಿಳಿಯುವುದಿಲ್ಲ.

ಎರಡೂ ತಪ್ಪುಗಳು ಹುಟ್ಟುವುದು ಕೆಲಸದ ಕ್ರಮ ತಲೆಕೆಳಗಾಗುವುದರಿಂದ. ಮೊದಲು ಪರೀಕ್ಷೆಯ ನಿಯಮ, ಆಮೇಲೆ ಉತ್ತರ ಬರೆಯುವ ವೇಳೆಯ ಲೆಕ್ಕ, ಆ ಲೆಕ್ಕಕ್ಕೆ ಒಪ್ಪುವ ಡಯಲ್, ಅದಾದ ನಂತರ ಸದ್ದು, ಕೊನೆಗೆ ಪಟ್ಟಿ ಮತ್ತು ಬ್ಯಾಟರಿ. ಈ ಕ್ರಮದಲ್ಲಿ ನಡೆದರೆ ದುಬಾರಿ ವಾಚಿನ ಅಗತ್ಯವೇ ಬೀಳುವುದಿಲ್ಲ. ಇಲ್ಲಿ ಮುಖ್ಯ ಪರೀಕ್ಷೆಯ ಸಾಮಾನ್ಯ ಅಧ್ಯಯನ ಪತ್ರಿಕೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ. ವಾಚು ಕಟ್ಟಿಕೊಂಡು ಬರೆಯಲು ಬಿಡುವ ಬೇರೆ ದೀರ್ಘ ಲಿಖಿತ ಪರೀಕ್ಷೆಗಳಿಗೂ ಇದೇ ಕ್ರಮ ಸಲ್ಲುತ್ತದೆ, ವೇಳೆಯ ಲೆಕ್ಕ ಮಾತ್ರ ಬದಲಾಗುತ್ತದೆ.

ಮೊದಲೇ ಸಿದ್ಧಪಡಿಸಿಕೊಳ್ಳಬೇಕಾದವು

ಒಂದು ಮರದ ಮೇಜು, ಫ್ಯಾನ್ ಆರಿಸಿ ಬಾಗಿಲು ಮುಚ್ಚಬಹುದಾದ ಒಂದು ಕೋಣೆ, ಮಿಲಿಮೀಟರ್ ಗುರುತುಗಳಿರುವ ಅಳತೆಪಟ್ಟಿ, ಒಂದು ಕರವಸ್ತ್ರ, ಸರಿಯಾದ ಸಮಯ ನೋಡಲು ಮೊಬೈಲ್ ಮತ್ತು ಸದ್ದನ್ನು ಕೇಳಿ ಹೇಳಲು ಮನೆಯ ಇನ್ನೊಬ್ಬರು ಇದ್ದರೆ ಸಾಕು. ಮೊಬೈಲಿನಲ್ಲಿ ದಿನಾಂಕ ಮತ್ತು ಸಮಯವು ನೆಟ್‌ವರ್ಕ್‌ನಿಂದ ತಾನಾಗಿಯೇ ಹೊಂದಿಕೊಳ್ಳುವಂತೆ ಇಟ್ಟಿರಬೇಕು.

ಹಂತ 1: ನಿಮ್ಮ ಪರೀಕ್ಷೆಯಲ್ಲಿ ವಾಚಿಗೆ ಅನುಮತಿ ಇದೆಯೇ ಎಂದು ಓದಿಕೊಳ್ಳಿ

ಯುಪಿಎಸ್‌ಸಿ ತನ್ನ ಅಭ್ಯರ್ಥಿಗಳಿಗೆ ಸಾಮಾನ್ಯವಾದ, ಸರಳವಾದ ಕೈಗಡಿಯಾರವನ್ನು ಕೊಠಡಿಯೊಳಗೆ ಬಳಸಲು ಬಿಡುತ್ತದೆ. ಸಂಪರ್ಕ ಸಾಧನವಾಗಿ ಬಳಸಬಹುದಾದ ವಿಶೇಷ ಜೋಡಣೆ ಇರುವ ವಾಚುಗಳನ್ನೂ ಸ್ಮಾರ್ಟ್ ವಾಚುಗಳನ್ನೂ ಕಟ್ಟುನಿಟ್ಟಾಗಿ ನಿಷೇಧಿಸಿದೆ. ಸಿಬಿಎಸ್‌ಇ ಮಂಡಳಿ ಪರೀಕ್ಷೆಗಳಲ್ಲಿಯೂ ಮುಳ್ಳಿನ ವಾಚು ತರಬಹುದು. ಆದರೆ ನೀಟ್‌ನಲ್ಲಿ ಯಾವ ಬಗೆಯ ವಾಚಿಗೂ ಅವಕಾಶವಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿಯೂ ಹಾಗೆಯೇ. ಕಂಪ್ಯೂಟರ್ ಮೇಲೆ ನಡೆಯುವ ಪರೀಕ್ಷೆಗಳಲ್ಲಿ ಉಳಿದಿರುವ ಸಮಯ ಪರದೆಯ ಮೇಲೆಯೇ ಕಾಣುವುದರಿಂದ ಅಲ್ಲಿಗೆ ವಾಚಿನ ಚಿಂತೆ ಬೇಡ.

ಆದ್ದರಿಂದ ಹಣ ಖರ್ಚು ಮಾಡುವ ಮೊದಲು ಅಧಿಸೂಚನೆಯ ಸೂಚನೆಗಳನ್ನೂ, ಪ್ರವೇಶಪತ್ರ ಬಂದಿದ್ದರೆ ಅದರ ಮೇಲಿನ ಸೂಚನೆಗಳನ್ನೂ ಪೂರ್ತಿಯಾಗಿ ಓದಿ. ಹಿಂದಿನ ವರ್ಷ ಬರೆದವರ ಮಾತನ್ನು ನಂಬಿ ಕೂರಬೇಡಿ, ಏಕೆಂದರೆ ನಿಯಮಗಳು ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತಿವೆ.

ಅನುಮತಿ ಇದ್ದರೂ ಒಂದು ವಿಷಯ ನೆನಪಿರಲಿ. ಬಾಗಿಲಲ್ಲಿ ತಪಾಸಣೆ ಮಾಡುವವರಿಗೆ ನಿಮ್ಮ ವಾಚಿನ ಒಳಗೇನಿದೆ ಎಂದು ಬಿಚ್ಚಿ ನೋಡಲು ಸಮಯವಿರುವುದಿಲ್ಲ, ಅವರು ಹೊರನೋಟ ನೋಡಿಯೇ ನಿರ್ಧರಿಸುತ್ತಾರೆ. ಡಯಲ್ ಒಳಗೆ ಮೂರು ಚಿಕ್ಕ ಡಯಲ್‌ಗಳು, ಪಕ್ಕದಲ್ಲಿ ಎರಡು ಮೂರು ಗುಂಡಿಗಳು, ಮುಳ್ಳುಗಳ ಕೆಳಗೆ ಅಂಕಿ ಮಿನುಗುವ ಕಿಟಕಿ ಇರುವ ವಾಚು ಎಷ್ಟೇ ನಿರಪಾಯವಾಗಿದ್ದರೂ ಸಂಶಯಕ್ಕೆ ಎಡೆಮಾಡುತ್ತದೆ. ಮುಳ್ಳೂ ಅಂಕಿಯೂ ಎರಡೂ ಇರುವ ವಾಚುಗಳಲ್ಲಿ ಇನ್ನೊಂದು ತೊಂದರೆಯಿದೆ. ಅವುಗಳಲ್ಲಿ ಅನೇಕವು ಗಂಟೆಗೊಮ್ಮೆ ಬೀಪ್ ಎನ್ನುತ್ತವೆ, ಅದನ್ನು ನಿಲ್ಲಿಸುವುದು ಹೇಗೆಂಬುದು ಪರೀಕ್ಷೆಯ ದಿನ ನೆನಪಾಗುವುದಿಲ್ಲ. ಪಕ್ಕದಲ್ಲಿ ಒಂದೇ ಒಂದು ಗುಂಡಿ ಇರುವ, ಮುಳ್ಳುಗಳು ಮಾತ್ರ ಇರುವ ವಾಚನ್ನೇ ಆರಿಸಿ. ದಿನಾಂಕದ ಚಿಕ್ಕ ಕಿಟಕಿ ಇದ್ದರೆ ಅಡ್ಡಿಯಿಲ್ಲ.

ಹಂತ 2: ವೇಳೆಯ ಲೆಕ್ಕವನ್ನು ಕಾಗದದ ಮೇಲೆ ಬರೆಯಿರಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ವಾಚಿನಿಂದ ನಿಮಗೆ ಎಷ್ಟು ಸೂಕ್ಷ್ಮವಾದ ಓದು ಬೇಕು ಎಂದು ತಿಳಿಯದೆ ಡಯಲ್ ಆರಿಸಲು ಸಾಧ್ಯವಿಲ್ಲ.

ಸಾಮಾನ್ಯ ಅಧ್ಯಯನದ ಮೊದಲ ಮೂರು ಪತ್ರಿಕೆಗಳಲ್ಲಿ 20 ಪ್ರಶ್ನೆಗಳಿರುತ್ತವೆ, ಒಟ್ಟು 250 ಅಂಕ, ಸಮಯ 3 ಗಂಟೆ. ಮೊದಲ ಹತ್ತು ಪ್ರಶ್ನೆಗಳಿಗೆ ತಲಾ 10 ಅಂಕ ಮತ್ತು 150 ಪದಗಳ ಮಿತಿ, ಉಳಿದ ಹತ್ತಕ್ಕೆ ತಲಾ 15 ಅಂಕ ಮತ್ತು 250 ಪದಗಳ ಮಿತಿ. 180 ನಿಮಿಷಗಳನ್ನು ನೇರವಾಗಿ ಹಂಚಿದರೆ ಚಿಕ್ಕ ಪ್ರಶ್ನೆಗೆ 7, ದೊಡ್ಡದಕ್ಕೆ 11 ನಿಮಿಷ ಬರುತ್ತದೆ. ಆದರೆ ಆ ಲೆಕ್ಕದಲ್ಲಿ ಒಂದು ನಿಮಿಷವೂ ಮಿಗುವುದಿಲ್ಲ. ಚಿಕ್ಕದಕ್ಕೆ ಆರೂವರೆ, ದೊಡ್ಡದಕ್ಕೆ ಹತ್ತೂವರೆ ನಿಮಿಷ ಎಂದು ಇಟ್ಟುಕೊಂಡರೆ 170 ನಿಮಿಷಗಳಲ್ಲಿ ಮುಗಿದು, ಕೊನೆಗೆ 10 ನಿಮಿಷ ಉಳಿಯುತ್ತದೆ.

ಅರ್ಧ ನಿಮಿಷಗಳನ್ನು ಡಯಲ್ ಮೇಲೆ ಹುಡುಕುವುದು ಕಷ್ಟವಾದ್ದರಿಂದ ಎರಡೆರಡು ಪ್ರಶ್ನೆಗಳನ್ನು ಜೋಡಿ ಮಾಡಿ. ಬೆಳಗಿನ ಪತ್ರಿಕೆ 9:00ಕ್ಕೆ ಆರಂಭವಾದರೆ ಚಿಕ್ಕ ಪ್ರಶ್ನೆಗಳ ಜೋಡಿಗಳು 9:13, 9:26, 9:39, 9:52 ಮತ್ತು 10:05ಕ್ಕೆ ಮುಗಿಯಬೇಕು. ದೊಡ್ಡ ಪ್ರಶ್ನೆಗಳ ಜೋಡಿಗಳು 10:26, 10:47, 11:08, 11:29 ಮತ್ತು 11:50ಕ್ಕೆ ಮುಗಿಯಬೇಕು. ಮಧ್ಯಾಹ್ನದ ಪತ್ರಿಕೆ ಇತ್ತೀಚಿನ ವೇಳಾಪಟ್ಟಿಗಳಂತೆ 2:30ಕ್ಕೆ ಆರಂಭವಾದರೆ ಚಿಕ್ಕ ಪ್ರಶ್ನೆಗಳೆಲ್ಲ 3:35ಕ್ಕೆ, ದೊಡ್ಡವು 5:20ಕ್ಕೆ ಮುಗಿದಿರಬೇಕು.

ಈ ಪಟ್ಟಿಯನ್ನು ಒಮ್ಮೆ ನೋಡಿದರೆ ಮೂರು ಸಂಗತಿಗಳು ತಾವಾಗಿಯೇ ತಿಳಿಯುತ್ತವೆ. ಗುರಿಯ ಸಮಯಗಳಲ್ಲಿ ಹೆಚ್ಚಿನವು ಐದರ ಗುಣಕಗಳ ಮೇಲೆ ಬೀಳುವುದಿಲ್ಲ, ಹಾಗಾಗಿ ಡಯಲ್ ಮೇಲೆ ಒಂದೊಂದು ನಿಮಿಷಕ್ಕೂ ಗೀಟು ಇರಲೇಬೇಕು. ನಿಮಿಷಕ್ಕಿಂತ ಚಿಕ್ಕ ಲೆಕ್ಕ ಎಲ್ಲಿಯೂ ಇಲ್ಲವಾದ್ದರಿಂದ ಸೆಕೆಂಡಿನ ಮುಳ್ಳು ಅನಿವಾರ್ಯವಲ್ಲ. ಇಡೀ ಪತ್ರಿಕೆಯಲ್ಲಿ ನೀವು ವಾಚನ್ನು ನೋಡಬೇಕಾದದ್ದು ಹತ್ತು ಬಾರಿ ಮಾತ್ರ, ಪ್ರತಿ ಬಾರಿಯೂ ಅರೆಕ್ಷಣದ ನೋಟದಲ್ಲಿ ಉತ್ತರ ಸಿಗಬೇಕು.

ಆರಂಭದಲ್ಲಿ ಮುಳ್ಳುಗಳನ್ನು 12ಕ್ಕೆ ತಿರುಗಿಸಿಟ್ಟು, ಕಳೆದ ಸಮಯವನ್ನೇ ನೇರವಾಗಿ ಓದುವ ಅಭ್ಯಾಸ ಕೆಲವರಿಗಿದೆ. ನಾನು ಅದನ್ನು ಸಲಹೆ ಮಾಡುವುದಿಲ್ಲ. ಮೇಲ್ವಿಚಾರಕರು ಹೇಳುವುದು ಗೋಡೆಯ ಗಡಿಯಾರದ ಸಮಯವನ್ನು. ಎರಡನ್ನೂ ಹೊಂದಿಸುವ ಕೆಲಸ ದಣಿದ ತಲೆಗೆ ಕೊನೆಯ ಅರ್ಧ ಗಂಟೆಯಲ್ಲಿ ಬೇಡ.

ಹಂತ 3: ಆ ಲೆಕ್ಕಕ್ಕೆ ತಕ್ಕ ಡಯಲ್ ಆರಿಸಿ

ಬಿಳಿ ಅಥವಾ ತಿಳಿಬಣ್ಣದ ಡಯಲ್, ಅದರ ಮೇಲೆ ಕಪ್ಪು ಮುಳ್ಳುಗಳು, ಹನ್ನೆರಡೂ ಅಂಕಿಗಳು, ಅಂಚಿನಲ್ಲಿ ಸುತ್ತಲೂ 60 ಗೀಟುಗಳು. ಇದಿಷ್ಟು ಇರುವುದನ್ನು ಮೊದಲು ಹುಡುಕಿ. ಕಪ್ಪು ಡಯಲ್ ಮೇಲೆ ಬಿಳಿ ಮುಳ್ಳುಗಳಿದ್ದರೂ ಓದಲು ಕಷ್ಟವಾಗುವುದಿಲ್ಲ. ಬಿಳಿ ಡಯಲ್ ಮೇಲೆ ಬೆಳ್ಳಿಬಣ್ಣದ ಮುಳ್ಳು, ಚಿನ್ನದ ಬಣ್ಣದ ಡಯಲ್ ಮೇಲೆ ಚಿನ್ನದ ಬಣ್ಣದ ಮುಳ್ಳು ಬೇಡವೇ ಬೇಡ. ಅಂಗಡಿಯ ಗಾಜಿನ ಪೆಟ್ಟಿಗೆಯ ದೀಪದಡಿ ಅವು ಹೊಳೆಯುತ್ತವೆ, ಟ್ಯೂಬ್‌ಲೈಟ್ ಬೆಳಕಿನಲ್ಲಿ ಡಯಲ್‌ನಲ್ಲಿಯೇ ಕರಗಿಹೋಗುತ್ತವೆ.

ಈಗ ನಿಮಿಷದ ಮುಳ್ಳಿನ ತುದಿಯನ್ನು ಗಮನಿಸಿ. ಅದು ಅಂಚಿನ ಗೀಟುಗಳನ್ನು ಮುಟ್ಟುವಷ್ಟು ಉದ್ದವಿರಬೇಕು. ಮುಳ್ಳು ಗೀಟಿಗಿಂತ ಎರಡು ಮೂರು ಮಿಲಿಮೀಟರ್ ಮೊದಲೇ ನಿಂತರೆ, ಅದು ಯಾವ ಗೀಟನ್ನು ತೋರಿಸುತ್ತಿದೆ ಎಂದು ಕಣ್ಣು ಊಹಿಸಬೇಕಾಗುತ್ತದೆ. ವಾಚನ್ನು ಓರೆಯಾಗಿ ನೋಡಿದಾಗ ಆ ಊಹೆ ಒಂದೆರಡು ನಿಮಿಷ ತಪ್ಪುವುದು ಸುಲಭ.

ಗಾತ್ರವನ್ನು ಹೀಗೆ ಲೆಕ್ಕ ಹಾಕಬಹುದು. ಗೀಟುಗಳ ವೃತ್ತದ ವ್ಯಾಸ 30 ಮಿಲಿಮೀಟರ್ ಇದ್ದರೆ ಒಂದು ನಿಮಿಷದ ಗೀಟಿನಿಂದ ಇನ್ನೊಂದಕ್ಕೆ ಸುಮಾರು ಒಂದೂವರೆ ಮಿಲಿಮೀಟರ್ ಅಂತರ ಸಿಗುತ್ತದೆ. ವ್ಯಾಸ 20 ಮಿಲಿಮೀಟರ್‌ಗೆ ಇಳಿದರೆ ಆ ಅಂತರ ಒಂದು ಮಿಲಿಮೀಟರ್‌ಗೆ ಕುಗ್ಗುತ್ತದೆ. ಮೇಜಿನ ಮೇಲೆ ಒಂದು ತೋಳಿನ ದೂರದಲ್ಲಿಟ್ಟ ವಾಚಿನಲ್ಲಿ ಇದು ದೊಡ್ಡ ವ್ಯತ್ಯಾಸ. ಹೊರಕವಚದ ಅಗಲ 36ರಿಂದ 40 ಮಿಲಿಮೀಟರ್ ಇರುವ ವಾಚು ಹೆಚ್ಚಿನವರಿಗೆ ಸರಿಹೊಂದುತ್ತದೆ. ಮಣಿಕಟ್ಟು ಚಿಕ್ಕದಿರುವವರು 34ರವರೆಗೆ ಇಳಿಯಬಹುದು, ಅದಕ್ಕಿಂತ ಚಿಕ್ಕದಾದರೆ ಅಂಕಿಗಳು ಒತ್ತೊತ್ತಾಗುತ್ತವೆ. ದಪ್ಪ 9 ಮಿಲಿಮೀಟರ್ ಒಳಗಿದ್ದರೆ ಬರೆಯುವಾಗ ಅಂಗಿಯ ತೋಳಿಗೂ ಉತ್ತರ ಪುಸ್ತಿಕೆಯ ಅಂಚಿಗೂ ಸಿಕ್ಕಿಕೊಳ್ಳುವುದಿಲ್ಲ.

ಕೊನೆಯದಾಗಿ, ಅಂಗಡಿಯಲ್ಲಿಯೇ ಮುಳ್ಳುಗಳನ್ನು 9:13ಕ್ಕೆ ತಿರುಗಿಸಿ ವಾಚನ್ನು ಮೇಜಿನ ಮೇಲಿಡಿ, ಕುಳಿತ ಜಾಗದಿಂದ ತಲೆಯನ್ನು ಬಗ್ಗಿಸದೆ ಒಮ್ಮೆ ನೋಡಿ ಸಮಯ ಹೇಳಿ. ಆಮೇಲೆ 10:47 ಮತ್ತು 11:29ಕ್ಕೆ ತಿರುಗಿಸಿ ಅದನ್ನೇ ಮಾಡಿ. ಎರಡನೆಯ ಸಲ ನೋಡಬೇಕಾಯಿತೆಂದರೆ ಆ ಡಯಲ್ ನಿಮಗಲ್ಲ.

ಹಂತ 4: ಸದ್ದು ಎಲ್ಲಿಂದ ಬರುತ್ತದೆ ಎಂದು ತಿಳಿದು ಯಂತ್ರ ಆರಿಸಿ

ಬ್ಯಾಟರಿಯ ಕ್ವಾರ್ಟ್ಜ್ ವಾಚಿನಲ್ಲಿ ಒಂದು ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಆ ಕಂಪನ ನಮಗೆ ಕೇಳಿಸುವುದಿಲ್ಲ. ಅದನ್ನು ಎಣಿಸುವ ಮಂಡಲವು ಸೆಕೆಂಡಿಗೊಮ್ಮೆ ಒಂದು ಪುಟ್ಟ ಮೋಟಾರಿಗೆ ವಿದ್ಯುತ್ತಿನ ತಳ್ಳುವಿಕೆಯನ್ನು ಕೊಡುತ್ತದೆ, ಮೋಟಾರು ಅರ್ಧ ಸುತ್ತು ತಿರುಗಿ ತಟ್ಟನೆ ನಿಲ್ಲುತ್ತದೆ, ಹಲ್ಲಿನ ಚಕ್ರಗಳು ಒಂದಕ್ಕೊಂದು ತಾಗುತ್ತವೆ. ನಾವು ಕೇಳುವ ಟಿಕ್ ಅದೇ. ಅದು ಎಷ್ಟು ಜೋರಾಗಿ ಹೊರಗೆ ಬರುತ್ತದೆ ಎಂಬುದು ಯಂತ್ರಕ್ಕಿಂತ ಹೆಚ್ಚಾಗಿ ಕವಚದ ಮೇಲೆ ನಿಂತಿದೆ. ದೊಡ್ಡ ಟೊಳ್ಳು ಕವಚದೊಳಗೆ ಚಿಕ್ಕ ಯಂತ್ರವನ್ನು ಸಡಿಲವಾದ ಪ್ಲಾಸ್ಟಿಕ್ ಬಳೆಯಲ್ಲಿ ಕೂರಿಸಿ, ಹಿಂದೆ ತೆಳುವಾದ ತಗಡನ್ನು ಒತ್ತಿ ಮುಚ್ಚಿದ್ದರೆ ಸದ್ದು ಹಿಗ್ಗುತ್ತದೆ. ದಪ್ಪ ಲೋಹದ ಕವಚದಲ್ಲಿ ಯಂತ್ರ ಬಿಗಿಯಾಗಿ ಕೂತಿದ್ದರೆ ಅದೇ ಯಂತ್ರವೂ ಮೌನವಾಗಿ ನಡೆಯುತ್ತದೆ. ಬೆಲೆಯೊಂದನ್ನೇ ನೋಡಿ ಸದ್ದನ್ನು ಊಹಿಸಲು ಬರುವುದಿಲ್ಲ ಎಂಬುದಕ್ಕೆ ಕಾರಣ ಇದು.

ನಿಮ್ಮ ಮುಂದೆ ನಾಲ್ಕು ಬಗೆಗಳಿವೆ. ಸೆಕೆಂಡಿನ ಮುಳ್ಳಿಲ್ಲದ, ಎರಡೇ ಮುಳ್ಳುಗಳ ಕ್ವಾರ್ಟ್ಜ್ ವಾಚು ಎಲ್ಲಕ್ಕಿಂತ ಮೌನವಾದುದು. ಅಂಥ ಕೆಲವು ಯಂತ್ರಗಳಲ್ಲಿ ಮೋಟಾರು ಹತ್ತು ಅಥವಾ ಇಪ್ಪತ್ತು ಸೆಕೆಂಡಿಗೊಮ್ಮೆ ಮಾತ್ರ ತಿರುಗುತ್ತದೆ. ಆದರೆ ಇಲ್ಲಿ ಒಂದು ಮೋಸಹೋಗುವ ಜಾಗವಿದೆ. ಕೆಲವು ತಯಾರಕರು ಮೂರು ಮುಳ್ಳಿನ ಯಂತ್ರವನ್ನೇ ತಂದು ಸೆಕೆಂಡಿನ ಮುಳ್ಳನ್ನು ಮಾತ್ರ ಹಾಕದೆ ಬಿಡುತ್ತಾರೆ. ಮುಳ್ಳು ಕಾಣದಿದ್ದರೂ ಒಳಗಿನ ಮೋಟಾರು ಪ್ರತಿ ಸೆಕೆಂಡಿಗೂ ಬಡಿಯುತ್ತಲೇ ಇರುತ್ತದೆ. ವಾಚಿನ ಬೆನ್ನನ್ನು ಕಿವಿಗೆ ಒತ್ತಿ ಅರ್ಧ ನಿಮಿಷ ಕೇಳಿದರೆ ಯಾವುದು ಯಾವುದೆಂದು ತಿಳಿದುಬಿಡುತ್ತದೆ.

ಎರಡನೆಯದು ಸಾಮಾನ್ಯ ಮೂರು ಮುಳ್ಳಿನ ಕ್ವಾರ್ಟ್ಜ್. ಹೆಚ್ಚಿನವರು ಕೊನೆಗೆ ಕೊಳ್ಳುವುದು ಇದನ್ನೇ, ಮುಂದಿನ ಹಂತದ ಪರೀಕ್ಷೆಯಲ್ಲಿ ಗೆದ್ದರೆ ಇದರಲ್ಲಿ ಯಾವ ಕೊರತೆಯೂ ಇಲ್ಲ. ಮೂರನೆಯದು ಸೆಕೆಂಡಿಗೆ ನಾಲ್ಕು ಬಾರಿ ಚಿಕ್ಕ ಹೆಜ್ಜೆಯಿಟ್ಟು ಸಾಗುವ ಕ್ವಾರ್ಟ್ಜ್. ಸೀಕೋದ ವಿಎಚ್31 ಎಂಬ ಯಂತ್ರ ಇದಕ್ಕೆ ಉದಾಹರಣೆ. ಸದ್ದು ಮೃದುವಾಗಿರುತ್ತದೆ, ಆದರೆ ಅಂಥ ವಾಚುಗಳು ಎಲ್ಲ ಅಂಗಡಿಗಳಲ್ಲಿ ಸಿಗುವುದಿಲ್ಲ.

ನಾಲ್ಕನೆಯದು ಕೀ ಕೊಡುವ ವಾಚು. ಬೆಂಗಳೂರಿನ ಎಚ್‌ಎಂಟಿ ಕಾರ್ಖಾನೆಯಿಂದ ಬಂದ ಜನತಾ, ಪೈಲಟ್‌ಗಳು ಕರ್ನಾಟಕದ ಎಷ್ಟೋ ಮನೆಗಳ ಬೀರುಗಳಲ್ಲಿ ಇನ್ನೂ ಇವೆ, ಅಜ್ಜನ ವಾಚನ್ನೇ ಕಟ್ಟಿಕೊಂಡು ಪರೀಕ್ಷೆಗೆ ಹೋಗುವ ಆಸೆ ಸಹಜವಾದದ್ದು. ಅವುಗಳ ಡಯಲ್‌ಗಳು ಓದಲು ಚೆನ್ನಾಗಿಯೂ ಇವೆ. ಆದರೂ ಪರೀಕ್ಷೆಗೆ ನಾನು ಅವನ್ನು ಮುಂದಿಡುವುದಿಲ್ಲ. ಅವುಗಳ ಬಡಿತ ಸೆಕೆಂಡಿಗೆ ಹಲವು ಬಾರಿ, ನಿಲ್ಲದೆ, ಮೇಜಿನ ಮೇಲಿಟ್ಟಾಗ ಸ್ಪಷ್ಟವಾಗಿ ಕೇಳಿಸುತ್ತದೆ. ಪ್ರತಿದಿನ ಕೀ ಕೊಡದಿದ್ದರೆ ನಿಲ್ಲುತ್ತವೆ. ಎಣ್ಣೆ ಒಣಗಿದ ಹಳೆಯ ವಾಚು ದಿನಕ್ಕೆ ನಿಮಿಷಗಟ್ಟಲೆ ಹಿಂದೆ ಬೀಳುವುದೂ ಉಂಟು.

ಹಂತ 5: ಮೇಜಿನ ಮೇಲೆ ಸದ್ದಿನ ಪರೀಕ್ಷೆ ಮಾಡಿ

ಅಂಗಡಿಯಲ್ಲಿ ಕಿವಿಗೆ ಹಿಡಿದು ಕೇಳಿದ್ದರಿಂದ ಯಂತ್ರದ ಬಗೆ ತಿಳಿಯುತ್ತದೆಯೇ ಹೊರತು ಕೊಠಡಿಯಲ್ಲಿ ಅದು ಹೇಗೆ ಕೇಳಿಸುತ್ತದೆ ಎಂಬುದು ತಿಳಿಯುವುದಿಲ್ಲ. ಮಣಿಕಟ್ಟಿನ ಮೇಲಿದ್ದಾಗ ಚರ್ಮವು ಕವಚದ ಕಂಪನವನ್ನು ಹೀರಿಕೊಳ್ಳುತ್ತದೆ. ಅದೇ ವಾಚನ್ನು ಬಿಚ್ಚಿ ಮರದ ಮೇಜಿನ ಮೇಲೆ ಬೆನ್ನು ತಾಗುವಂತೆ ಇಟ್ಟರೆ, ತಂತಿಯ ನಾದವನ್ನು ತಂಬೂರಿಯ ಬುರುಡೆ ಹಿಗ್ಗಿಸುವಂತೆ ಮೇಜಿನ ಹಲಗೆ ಆ ಟಿಕ್ ಸದ್ದನ್ನು ಹಿಗ್ಗಿಸುತ್ತದೆ. ಡ್ರಾಯರ್ ಇರುವ, ಒಳಗೆ ಟೊಳ್ಳಾದ ಡೆಸ್ಕ್‌ಗಳಲ್ಲಿ ಇದು ಇನ್ನೂ ಹೆಚ್ಚು.

ಆನ್‌ಲೈನ್‌ನಲ್ಲಿ ಕೊಳ್ಳುವವರು ಹಿಂದಿರುಗಿಸುವ ಅವಧಿಯನ್ನು ಮೊದಲು ನೋಡಿಕೊಂಡು, ವಾಚು ಬಂದ ರಾತ್ರಿಯೇ, ಅದರ ಮೇಲಿನ ರಕ್ಷಣೆಯ ಹಾಳೆಗಳನ್ನು ಕೀಳದೆ ಈ ಪರೀಕ್ಷೆ ಮಾಡಬೇಕು. ಮಾರಾಟದ ವಿವರಣೆಯಲ್ಲಿ ಸದ್ದಿಲ್ಲದ ವಾಚು ಎಂದು ಬರೆದಿರುವುದನ್ನು ಸಾಕ್ಷಿಯಾಗಿ ತೆಗೆದುಕೊಳ್ಳಬೇಡಿ.

ರಾತ್ರಿ ಹತ್ತರ ನಂತರ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಕೋಣೆಯಲ್ಲಿ ಬೇರೆ ಗಡಿಯಾರವಿದ್ದರೆ ಹೊರಗಿಡಿ. ವಾಚನ್ನು ಮೇಜಿನ ಮೇಲೆ ಬರಿದಾಗಿ ಇಟ್ಟು, ಬರೆಯುವ ಭಂಗಿಯಲ್ಲಿ ಕುಳಿತು ಎರಡು ನಿಮಿಷ ಕೇಳಿ. ಆಮೇಲೆ ವಾಚಿನಿಂದ ಸುಮಾರು ಒಂದು ಮೀಟರ್ ದೂರಕ್ಕೆ ಸರಿಯಿರಿ, ಇದು ಪಕ್ಕದ ಅಭ್ಯರ್ಥಿಯ ಜಾಗವೆಂದು ತಿಳಿಯಿರಿ. ಒಂದು ಮೀಟರಿನಲ್ಲಿಯೂ ಟಿಕ್ ಟಿಕ್ ಎಣಿಸಲು ಬರುವಂತಿದ್ದರೆ ವಾಚನ್ನು ಹಿಂದಿರುಗಿಸಿ, ಅದು ಬೇರೆಯವರಿಗೂ ತೊಂದರೆ. ಕುಳಿತ ಜಾಗದಲ್ಲಿ ಕೇಳಿಸಿ, ಒಂದು ಮೀಟರಿನಲ್ಲಿ ಕೇಳಿಸದಿದ್ದರೆ ಮುಂದಿನ ಪ್ರಯತ್ನಕ್ಕೆ ಹೋಗಿ. ಕರವಸ್ತ್ರವನ್ನು ನಾಲ್ಕಾಗಿ ಮಡಚಿ ಅದರ ಮೇಲೆ ವಾಚನ್ನಿಡಿ, ಇಲ್ಲವೇ ಪಟ್ಟಿಯ ಬಕಲ್ ಹಾಕಿ ಬಳೆಯಂತೆ ಮಾಡಿ, ಕವಚ ಮೇಜಿಗೆ ತಾಗದಂತೆ ಪಕ್ಕಕ್ಕೆ ನಿಲ್ಲಿಸಿ. ಇವೆರಡರಲ್ಲಿ ಒಂದರಿಂದ ಸದ್ದು ಮಾಯವಾದರೆ ಆ ವಾಚು ಸಾಕು.

ಇದೇ ಕೆಲಸವನ್ನು ಮನೆಯ ಇನ್ನೊಬ್ಬರಿಂದ, ಸಾಧ್ಯವಾದರೆ ಚಿಕ್ಕ ವಯಸ್ಸಿನವರಿಂದ ಒಮ್ಮೆ ಮಾಡಿಸಿ. ವಯಸ್ಸಾದಂತೆ ಸಣ್ಣ ತೀಕ್ಷ್ಣ ಸದ್ದುಗಳನ್ನು ಕೇಳುವ ಶಕ್ತಿ ಕುಗ್ಗುತ್ತದೆ. ಅಪ್ಪನಿಗೆ ಕೇಳಿಸದ ವಾಚು ಇಪ್ಪತ್ತರ ಮಗಳಿಗೆ ಕೇಳಿಸುವುದು ಸಾಮಾನ್ಯ, ಆದ್ದರಿಂದ ಪರೀಕ್ಷೆ ಬರೆಯುವವರ ಕಿವಿಯೇ ಕೊನೆಯ ತೀರ್ಪು ಕೊಡಬೇಕು. ಫ್ಯಾನ್ ತಿರುಗುವ ಕೊಠಡಿಯಲ್ಲಿ ಇದೆಲ್ಲ ಮುಚ್ಚಿಹೋಗುತ್ತದೆ ಎಂಬುದು ನಿಜ. ಆದರೆ ಬೆಂಗಳೂರಿನ ತಂಪು ಹವೆಯಲ್ಲಿ ಫ್ಯಾನ್ ಆರಿಸಿದ ಕೊಠಡಿಯೇ ನಿಮಗೆ ಸಿಗಬಹುದು.

ಹಂತ 6: ಮುಳ್ಳುಗಳ ಹೊಂದಿಕೆಯನ್ನೂ ಓಟವನ್ನೂ ಪರೀಕ್ಷಿಸಿ

ಪಕ್ಕದ ಗುಂಡಿಯನ್ನು ಹೊರಗೆಳೆದು ನಿಮಿಷದ ಮುಳ್ಳನ್ನು ಸರಿಯಾಗಿ 12ಕ್ಕೆ ತನ್ನಿ. ಆಗ ಗಂಟೆಯ ಮುಳ್ಳು ಯಾವುದಾದರೂ ಒಂದು ಅಂಕಿಯ ನಡುಮಧ್ಯಕ್ಕೆ ಬಂದಿರಬೇಕು. 6:00ಕ್ಕೆ ತಿರುಗಿಸಿದಾಗ ಎರಡೂ ಮುಳ್ಳುಗಳು ಒಂದೇ ನೇರದಲ್ಲಿ ನಿಲ್ಲಬೇಕು. ಗಂಟೆಯ ಮುಳ್ಳು ಅರ್ಧದಾರಿಯಲ್ಲಿದ್ದರೆ ಜೋಡಣೆಯಲ್ಲಿಯೇ ತಪ್ಪಿದೆ. ಇಂಥ ವಾಚಿನಲ್ಲಿ 10:50 ಮತ್ತು 11:50ರ ನಡುವೆ ಗಲಿಬಿಲಿಯಾಗುವ ಅಪಾಯವಿದೆ, ಅದು ಒಂದು ಗಂಟೆಯ ತಪ್ಪು.

ಸೆಕೆಂಡಿನ ಮುಳ್ಳಿರುವ ವಾಚಾದರೆ ಅದು 12ಕ್ಕೆ ಬಂದಾಗ ಗುಂಡಿಯನ್ನು ಎಳೆಯಿರಿ, ಮುಳ್ಳು ನಿಲ್ಲುತ್ತದೆ. ನಿಮಿಷದ ಮುಳ್ಳನ್ನು ಬೇಕಾದ ಸಮಯಕ್ಕಿಂತ ನಾಲ್ಕೈದು ನಿಮಿಷ ಮುಂದಕ್ಕೆ ಒಯ್ದು, ಅಲ್ಲಿಂದ ಹಿಂದಕ್ಕೆ ತಂದು ಗೀಟಿನ ಮೇಲೆ ನಿಲ್ಲಿಸಿ. ಚಕ್ರಗಳ ನಡುವಿನ ಸಡಿಲು ಹೀಗೆ ಒಂದು ಕಡೆಗೆ ಸರಿದು, ಮುಳ್ಳು ಆಮೇಲೆ ಜಾರುವುದಿಲ್ಲ. ಮೊಬೈಲಿನ ಸಮಯ ಆ ನಿಮಿಷಕ್ಕೆ ಬಂದ ಕ್ಷಣ ಗುಂಡಿಯನ್ನು ಒಳಕ್ಕೆ ಒತ್ತಿ.

ಒಂದು ವಾರ ಬಿಟ್ಟು ಮೊಬೈಲಿನೊಂದಿಗೆ ಹೋಲಿಸಿ ನೋಡಿ. ಮಿಯೋಟಾ 2035ರಂಥ ಸಾಮಾನ್ಯ ಯಂತ್ರಕ್ಕೆ ತಯಾರಕರು ಹೇಳುವ ಮಿತಿ ತಿಂಗಳಿಗೆ 20 ಸೆಕೆಂಡು ಹೆಚ್ಚು ಅಥವಾ ಕಡಿಮೆ, ಅಂದರೆ ವಾರಕ್ಕೆ ಸುಮಾರು ಐದು ಸೆಕೆಂಡು. ಅಷ್ಟರೊಳಗಿದ್ದರೆ ಏನೂ ಯೋಚಿಸಬೇಕಾಗಿಲ್ಲ. ವಾರದಲ್ಲಿ ಒಂದು ನಿಮಿಷ ಹಿಂದೆ ಬಿದ್ದಿದ್ದರೆ ಬ್ಯಾಟರಿ ಸೋತಿದೆ ಅಥವಾ ಮುಳ್ಳುಗಳು ಎಲ್ಲಿಯೋ ಒಂದಕ್ಕೊಂದು ಉಜ್ಜುತ್ತಿವೆ ಎಂದು ತಿಳಿಯಬೇಕು.

ಹಂತ 7: ಪಟ್ಟಿಯನ್ನು ಬರೆಯುವ ಕೈಯ ಲೆಕ್ಕದಲ್ಲಿ ನೋಡಿ

ವಾಚೇ ಮೌನವಾಗಿದ್ದು ಸ್ಟೀಲ್ ಚೈನು ಸದ್ದು ಮಾಡುವುದು ತುಂಬ ಸಾಮಾನ್ಯ. ಉತ್ತರ ಪುಸ್ತಿಕೆಯನ್ನು ಹಿಡಿದ ಎಡಗೈ ಸರಿದಾಗಲೆಲ್ಲ ಚೈನಿನ ಕೊಂಡಿ ಡೆಸ್ಕಿಗೆ ತಾಗಿ ಕಟಕಟ ಎನ್ನುತ್ತದೆ. ಚರ್ಮದ ಅಥವಾ ನೈಲಾನ್ ಬಟ್ಟೆಯ ಪಟ್ಟಿ ಇದಕ್ಕಿಂತ ಮೇಲು. ಬೆವರುವ ಕೈಯವರಿಗೆ ನೈಲಾನ್ ಒಳ್ಳೆಯದು, ಬೇಗ ಒಣಗುತ್ತದೆ. ಚೈನಿರುವ ವಾಚೇ ಇಷ್ಟವಾಗಿದ್ದರೆ ಚೈನು ಕವಚಕ್ಕೆ ಸೇರುವ ಜಾಗದ ಅಗಲವನ್ನು ಅಳೆದು, ಸಾಮಾನ್ಯವಾಗಿ ಅದು 18 ಅಥವಾ 20 ಮಿಲಿಮೀಟರ್ ಇರುತ್ತದೆ, ಅದೇ ಅಗಲದ ಪಟ್ಟಿಯನ್ನು ರಿಪೇರಿ ಅಂಗಡಿಯಲ್ಲಿ ಹಾಕಿಸಿಕೊಳ್ಳಬಹುದು.

ಬಲಗೈಯಲ್ಲಿ ಬರೆಯುವವರು ಎಡಗೈಗೆ, ಎಡಗೈಯಲ್ಲಿ ಬರೆಯುವವರು ಬಲಗೈಗೆ ಕಟ್ಟಿಕೊಳ್ಳಬೇಕು. ಡಯಲ್ ಮಣಿಕಟ್ಟಿನ ಒಳಭಾಗಕ್ಕೆ ಬರುವಂತೆ ಕಟ್ಟಿಕೊಂಡರೆ ಪುಸ್ತಿಕೆಯನ್ನು ಹಿಡಿದ ಕೈಯನ್ನು ಸ್ವಲ್ಪ ಹೊರಳಿಸಿದರೂ ಸಮಯ ಕಾಣುತ್ತದೆ, ಆದರೆ ಬಕಲ್ ಮೇಲಕ್ಕೆ ಬರುವುದು ಕೆಲವರಿಗೆ ಹಿಡಿಸುವುದಿಲ್ಲ. ಮನೆಯಲ್ಲಿ ಪೂರ್ಣ ಮೂರು ಗಂಟೆಯ ಅಭ್ಯಾಸ ಪತ್ರಿಕೆ ಬರೆದು ಇದನ್ನು ನಿರ್ಧರಿಸಿ.

ಹಂತ 8: ಬ್ಯಾಟರಿಯನ್ನು ಪರೀಕ್ಷೆಗೆ ಒಂದು ತಿಂಗಳ ಮೊದಲೇ ಬದಲಿಸಿ

ಹೊಸ ವಾಚು ಅಂಗಡಿಯ ಪೆಟ್ಟಿಗೆಯಲ್ಲಿ ಎಷ್ಟು ಕಾಲ ನಡೆಯುತ್ತ ಕೂತಿತ್ತು ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಗುಂಡಿಯ ಕೆಳಗೆ ಪ್ಲಾಸ್ಟಿಕ್ ತಡೆ ಸಿಕ್ಕಿಸಿ ಮುಳ್ಳುಗಳನ್ನು ನಿಲ್ಲಿಸಿಟ್ಟಿದ್ದರೆ ಬ್ಯಾಟರಿ ಹೆಚ್ಚು ಸವೆದಿರುವುದಿಲ್ಲ. ನಡೆಯುತ್ತಲೇ ಇದ್ದ ವಾಚಾದರೆ, ಅಥವಾ ಮನೆಯ ಹಳೆಯ ವಾಚಾದರೆ, ಬದಲಿಸಿಬಿಡುವುದೇ ಕ್ಷೇಮ.

ರಿಪೇರಿ ಅಂಗಡಿಯಲ್ಲಿ ಸಿಲ್ವರ್ ಆಕ್ಸೈಡ್ ಸೆಲ್ಲನ್ನೇ ಕೇಳಿ ಹಾಕಿಸಿ. ಸಾಮಾನ್ಯ ವಾಚುಗಳಿಗೆ ಹೆಚ್ಚಾಗಿ ಬಳಕೆಯಾಗುವುದು ಎಸ್‌ಆರ್ 626 ಎಸ್‌ಡಬ್ಲ್ಯೂ, ಇದನ್ನು 377 ಎಂದೂ ಕರೆಯುತ್ತಾರೆ. ಇದೇ ಗಾತ್ರದ, ಅಗ್ಗದ ಆಲ್ಕಲೈನ್ ಸೆಲ್‌ಗಳು ಎಜಿ4 ಅಥವಾ ಎಲ್‌ಆರ್ 626 ಎಂಬ ಹೆಸರಿನಲ್ಲಿ ಬರುತ್ತವೆ ಮತ್ತು ವಾಚಿನೊಳಗೆ ಸರಿಯಾಗಿಯೇ ಕೂರುತ್ತವೆ. ಸಿಲ್ವರ್ ಆಕ್ಸೈಡ್ ಸೆಲ್ ತನ್ನ 1.55 ವೋಲ್ಟನ್ನು ಕೊನೆಯವರೆಗೂ ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ, ಆಲ್ಕಲೈನ್ ಸೆಲ್‌ನ ವೋಲ್ಟೇಜ್ ಮೊದಲ ದಿನದಿಂದಲೇ ಇಳಿಯುತ್ತ ಹೋಗುತ್ತದೆ, ಅದು ಬೇಗ ಸೋರುವುದೂ ಉಂಟು. ಬೆಲೆಯ ವ್ಯತ್ಯಾಸ ಚಿಕ್ಕದು. ಸೆಲ್ ಹಾಕಿದ ಮೇಲೆ ಹಿಂಬದಿಯ ಮುಚ್ಚಳ ಸಮವಾಗಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಿ. ಒಂದು ಕಡೆ ಎದ್ದಿದ್ದರೆ ತೇವ ಒಳಗೆ ಹೋಗುತ್ತದೆ, ಸದ್ದೂ ಬದಲಾಗಿರುತ್ತದೆ. ಅದಕ್ಕಾಗಿ ಸೆಲ್ ಬದಲಿಸಿದ ರಾತ್ರಿ ಹಂತ 5ರ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು. ಒಂದು ತಿಂಗಳ ಅಂತರ ಇಟ್ಟುಕೊಳ್ಳುವುದು ಇಂಥ ದೋಷಗಳು ಪರೀಕ್ಷೆಗೆ ಮೊದಲೇ ಹೊರಬೀಳಲಿ ಎಂದು.

ಈ ಲಕ್ಷಣಗಳು ಕಂಡರೆ ತಡಮಾಡಬೇಡಿ

ಸೆಕೆಂಡಿನ ಮುಳ್ಳು ಒಂದೊಂದು ಸೆಕೆಂಡು ಸರಿಯುವ ಬದಲು ಎರಡು ಅಥವಾ ನಾಲ್ಕು ಸೆಕೆಂಡುಗಳಿಗೊಮ್ಮೆ ಜಿಗಿಯುತ್ತಿದ್ದರೆ, ಬ್ಯಾಟರಿ ಮುಗಿಯುತ್ತಿದೆ ಎಂದು ಯಂತ್ರವೇ ಹೇಳುತ್ತಿದೆ ಎಂದರ್ಥ. ಎಲ್ಲ ಯಂತ್ರಗಳಲ್ಲಿ ಈ ಸೌಲಭ್ಯವಿಲ್ಲ, ಇರುವ ಕಡೆ ಅದನ್ನು ಕಡೆಗಣಿಸಬೇಡಿ. ಮುಳ್ಳು ನಿಂತಲ್ಲಿಯೇ ನಡುಗುತ್ತ ಮುಂದೆ ಹೋಗದಿದ್ದರೆ ಬ್ಯಾಟರಿ ಸತ್ತಿದೆ ಅಥವಾ ಚಕ್ರಕ್ಕೆ ಧೂಳು ಸಿಕ್ಕಿದೆ.

ಗಾಜಿನ ಒಳಬದಿಯಲ್ಲಿ ಮಂಜು ಕಂಡರೆ ನೀರು ಹೋಗಿದೆ. 30 ಮೀಟರ್ ಎಂದು ಬರೆದ ವಾಚು ಕೈ ತೊಳೆಯುವಾಗ ಸಿಡಿಯುವ ಹನಿಗಳನ್ನು ತಡೆಯುತ್ತದೆ ಅಷ್ಟೆ, ಸ್ನಾನಕ್ಕೆ ಅದು ಹೇಳಿದ್ದಲ್ಲ. ಪಕ್ಕದ ಗುಂಡಿ ತಾನಾಗಿಯೇ ಹೊರಗೆ ಸರಿಯುವಂತೆ ಸಡಿಲವಾಗಿದ್ದರೆ ಆ ವಾಚನ್ನು ಪರೀಕ್ಷೆಗೆ ಒಯ್ಯಬೇಡಿ, ಅಂಗಿಯ ತೋಳು ತಾಗಿದರೂ ಮುಳ್ಳುಗಳು ನಿಂತುಬಿಡುತ್ತವೆ.

ಹಂತ 9: ಪರೀಕ್ಷೆಯ ಬೆಳಿಗ್ಗೆ

ಮನೆಯಿಂದ ಹೊರಡುವ ಮೊದಲು ವಾಚನ್ನು ಮೊಬೈಲಿನ ಸಮಯಕ್ಕೆ ಹೊಂದಿಸಿ, ಏಕೆಂದರೆ ಕೇಂದ್ರದ ಬಾಗಿಲು ಮುಚ್ಚುವುದು ಗಡಿಯಾರದ ಸಮಯಕ್ಕೆ. ಯುಪಿಎಸ್‌ಸಿ ಈಗ ಪತ್ರಿಕೆ ಆರಂಭಕ್ಕೆ 30 ನಿಮಿಷ ಮೊದಲೇ ಪ್ರವೇಶವನ್ನು ನಿಲ್ಲಿಸುತ್ತದೆ.

ಕೊಠಡಿಯಲ್ಲಿ ಕುಳಿತ ಮೇಲೆ ಲೆಕ್ಕಕ್ಕೆ ಬರುವುದು ಅಲ್ಲಿಯ ಗಂಟೆಯೇ. ಗೋಡೆಯ ಗಡಿಯಾರವಿದ್ದರೆ ಅದಕ್ಕೂ ನಿಮ್ಮ ವಾಚಿಗೂ ಇರುವ ವ್ಯತ್ಯಾಸವನ್ನು ನೋಡಿಕೊಳ್ಳಿ. ಆರಂಭದ ಗಂಟೆ ಬಾರಿಸಿದಾಗ ನಿಮ್ಮ ವಾಚಿನ ನಿಮಿಷದ ಮುಳ್ಳು 9:00ರ ಮೇಲಿದ್ದರೆ ಸರಿ. 9:02 ತೋರಿಸುತ್ತಿದ್ದರೆ ಆ ಕ್ಷಣದಲ್ಲಿ ಗುಂಡಿ ತಿರುಗಿಸುತ್ತ ಕೂರಬೇಡಿ. ನಿಮ್ಮ ಪಟ್ಟಿಯ ಎಲ್ಲ ಸಮಯಗಳಿಗೂ ಎರಡು ನಿಮಿಷ ಕೂಡಿಸಿಕೊಳ್ಳಿ: ಮೊದಲ ಜೋಡಿ 9:15ಕ್ಕೆ, ಚಿಕ್ಕ ಪ್ರಶ್ನೆಗಳೆಲ್ಲ 10:07ಕ್ಕೆ, ಕೊನೆಯ ಜೋಡಿ 11:52ಕ್ಕೆ. ಈ ತಿದ್ದುಪಡಿಯನ್ನು ಮನಸ್ಸಿನಲ್ಲಿಯೇ ಮಾಡಿ, ಉತ್ತರ ಪುಸ್ತಿಕೆಯಲ್ಲಾಗಲಿ ಪ್ರವೇಶಪತ್ರದ ಮೇಲಾಗಲಿ ಬರೆದಿಡಬೇಡಿ.

ವಾಚನ್ನು ಬಿಚ್ಚಿಡುವುದಾದರೆ ಪುಸ್ತಿಕೆಯ ಮೇಲ್ತುದಿಯ ಆಚೆ, ಬರೆಯದ ಕೈಯ ಕಡೆ, 12ರ ಅಂಕಿ ನಿಮ್ಮಿಂದ ದೂರಕ್ಕೆ ಇರುವಂತೆ, ಮಡಚಿದ ಕರವಸ್ತ್ರದ ಮೇಲಿಡಿ. ಹಾಗೆ ಇಡುವಾಗಲೇ ಮೇಲ್ವಿಚಾರಕರಿಗೆ ತೋರಿಸಿ ಒಪ್ಪಿಗೆ ಪಡೆದರೆ ನಡುವೆ ಬಂದು ಕೇಳುವ ಪ್ರಸಂಗ ತಪ್ಪುತ್ತದೆ. ಮಧ್ಯಾಹ್ನದ ಪತ್ರಿಕೆಗೆ ಹೋಗುವ ಮುನ್ನ ವಾಚು ಕೈಯಲ್ಲಿದೆಯೇ, ಬೆಳಗಿನ ಡೆಸ್ಕಿನ ಮೇಲೆಯೇ ಉಳಿದಿದೆಯೇ ಎಂದು ಕೊಠಡಿ ಬಿಡುವಾಗಲೇ ನೋಡಿಕೊಳ್ಳಿ.